ಪದ ಬೇಕು: ಹ್ಯೂ, ಸ್ಯಾಚುರೇಶನ್, ಇಂಟೆನ್ಸಿಟಿ (ನಾಳೆ ಹನ್ನೊಂದಕ್ಕೆ ಪ್ರೆಸ್ಸಿಗೆ!)

ತೀರ್ಥಹಳ್ಳಿಯ ಅನುವಾದಕಿ:
ನಮಸ್ಕಾರ. ಅಡಿಕೆ ಎಲೆಚುಕ್ಕೆ ರೋಗದ ಫೋಟೋ ತೆಗೆಯುವ ಬಗ್ಗೆ ತೋಟದವರಿಗಾಗಿ ಒಂದು ಹಾಳೆ ಅನುವಾದಿಸುತ್ತಿದ್ದೇನೆ. ಮಳೆಗಾಲದಲ್ಲಿ ತೋಟದೊಳಗೆ ತೆಗೆದ ಫೋಟೋ ಮಬ್ಬಾಗಿರುತ್ತದೆ, ಅಲ್ವಾ? ಅದಕ್ಕೆ ಹಾಳೆಯಲ್ಲಿ ಹೇಳಿರುವ ಉಪಾಯ ಇದು: ಚಿತ್ರವನ್ನು ಹ್ಯೂ, ಸ್ಯಾಚುರೇಶನ್, ಇಂಟೆನ್ಸಿಟಿ ಎಂದು ಮೂರಾಗಿ ಬಿಡಿಸಿ, ಇಂಟೆನ್ಸಿಟಿಯನ್ನು ಮಾತ್ರ ಈಕ್ವಲೈಸ್ ಮಾಡಿ, ಬಣ್ಣ ಕೆಡುವುದಿಲ್ಲ. ನಾನು ಛಾಯೆ, ಗಾಢತೆ, ತೀವ್ರತೆ ಎಂದು ಹಾಕಿದ್ದೇನೆ. ಸರಿಯಾ?

ಸಾಗರದ ಮೇಷ್ಟ್ರು:
ಮೂರೂ ಸಂಸ್ಕೃತ. ಬಣ್ಣ, ಕಡುಪು, ಬೆಳಕು ಎಂದು ಹಾಕಿ. ಮುಗೀತು.

ಭದ್ರಾವತಿಯಿಂದ:
ನನ್ನ ಕಥೆ ಕೇಳಿ. ಹೋದ ವರ್ಷ ರಾಶಿ ಅಡಿಕೆಯ ಫೋಟೋ ತೆಗೆದು, ಮೊಬೈಲಿನಲ್ಲಿ ಸುಮ್ನೆ ಒಂದು ಬಟನ್ ಒತ್ತಿ ಚಂದ ಮಾಡಿ ವ್ಯಾಪಾರಿಗೆ ಕಳಿಸಿದೆ. ಮಾಲು ನೋಡಿದವರು "ಫೋಟೋದಲ್ಲಿ ಕೆಂಪಿತ್ತು, ಇದು ಕಪ್ಪು" ಎಂದು ಜಗಳಕ್ಕೆ ಬಂದರು. ನಿಮ್ಮ ಹಾಳೆಯಲ್ಲಿ ಇದಕ್ಕೆ ಪರಿಹಾರ ಇದೆಯಾ?

ಶಿವಮೊಗ್ಗದಿಂದ (ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವನು):
ಭದ್ರಾವತಿಯವರೇ, ಅದು ಬೇರೆ ವಿಷಯ. ಆ ಬಟನ್ ಏನೇನು ಮಾಡುತ್ತದೋ ಅದನ್ನು ಬರೆದವರಿಗೇ ಗೊತ್ತು.

ಮೇಡಂ, ಗಾಢತೆ ಬೇಡ. ಕಡುಪೂ ಬೇಡ. ಕಡುಹಸಿರು ಎಂದರೆ ನಮಗೆ ಕಣ್ಣಿಗೆ ಬರುವುದು ಕಪ್ಪಿಗೆ ತಿರುಗಿದ ಹಸಿರು. ಅಂದರೆ ಆ ಪದದಲ್ಲಿ ಬೆಳಕು ಕಮ್ಮಿ ಎನ್ನುವ ಅರ್ಥವೂ ಸೇರಿಕೊಂಡಿದೆ. ನಿಮ್ಮ ವಾಕ್ಯ ನಿಂತಿರುವುದೇ ಬೆಳಕನ್ನು ಬೇರೆ ಮಾಡುವುದರ ಮೇಲೆ.

ಫೋಟೋದ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ತೆಗೆದುಕೊಳ್ಳಿ. ರೋಗದ ಕಂದು ಕಲೆಯ ಸುತ್ತ ಹಳದಿ ಉಂಗುರ ಇರುತ್ತದಲ್ಲ, ಅದರ ಅಂಚಿನ ಹಳದಿ-ಹಸಿರು. 0ಯಿಂದ 255ರ ಅಳತೆಯಲ್ಲಿ ಕೆಂಪು 60, ಹಸಿರು 90, ನೀಲಿ 30 ಅಂದುಕೊಳ್ಳಿ. ಸರಾಸರಿ 60, ಅದೇ ಇಂಟೆನ್ಸಿಟಿ. ಅತಿ ಕಮ್ಮಿಯದು 30, ಸರಾಸರಿಯ ಅರ್ಧ. ಆ ಪಾಲನ್ನು ಒಂದರಿಂದ ಕಳೆದರೆ ಸ್ಯಾಚುರೇಶನ್, ಇಲ್ಲಿ 0.5. ಬಣ್ಣದ ಚಕ್ರದಲ್ಲಿ ಕೆಂಪು 0, ಹಸಿರು 120 ಡಿಗ್ರಿ. ಈ ಚುಕ್ಕಿ 90ರಲ್ಲಿ ಕೂರುತ್ತದೆ, ಅದೇ ಹ್ಯೂ. ಈಗ ಇಂಟೆನ್ಸಿಟಿ ಮಾತ್ರ 120 ಆಯಿತು ಅನ್ನಿ. ಮೂರೂ ಎರಡರಿಂದ ಗುಣಿಸಿದಂತೆ: 120, 180, 60. ಪಾಲು ಬದಲಾಗಲಿಲ್ಲ. ಡಿಗ್ರಿ ಅದೇ, 0.5 ಅದೇ.

ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಈಕ್ವಲೈಸ್ ಮಾಡಿದರೆ? ತೋಟದ ಫೋಟೋದಲ್ಲಿ ನೀಲಿಯ ಅಂಕಿಗಳೆಲ್ಲ ಕೆಳಗೆ ಒತ್ತಿಕೊಂಡಿರುತ್ತವೆ. ಈಕ್ವಲೈಸ್ ಅವನ್ನು ಎಳೆದು 0ಯಿಂದ 255ರವರೆಗೆ ಹರಡುತ್ತದೆ. ನಮ್ಮ 30, ನೀಲಿಯ ಸಾಲಿನಲ್ಲಿ ನಡುವಿನ ಹತ್ತಿರ ಇದ್ದರೆ 110ಕ್ಕೆ ಹೋಗಬಹುದು. ಕೆಂಪು 100, ಹಸಿರು 120ಕ್ಕೆ. ಈಗ ಚುಕ್ಕಿ 150 ಡಿಗ್ರಿಯಲ್ಲಿ ನೀಲಿಗೆ ವಾಲಿದ ಹಸಿರು ಬೂದಿ. ಹಳದಿ ಉಂಗುರವೇ ಮಾಯ. ರೋಗ ಗುರುತಿಸುವುದು ಹೇಗೆ?

ಹೊಸನಗರದಿಂದ:
ಇಷ್ಟುದ್ದ ಯಾಕೆ? ಓಪನ್‌ಸಿವಿಯಲ್ಲಿ `COLOR_BGR2HSV` ಹಾಕಿ `V` ಈಕ್ವಲೈಸ್ ಮಾಡಿದರೆ ಆಯಿತು. ಎರಡೂ ಒಂದೇ.

ಶಿವಮೊಗ್ಗದಿಂದ:
ಅರ್ಧ ಸರಿ. ಅಲ್ಲೂ ಪಾಲು ಉಳಿಯುತ್ತದೆ. ಆದರೆ `V` ಎಂದರೆ ಸರಾಸರಿ ಅಲ್ಲ, ಮೂರರಲ್ಲಿ ದೊಡ್ಡದು. ಅದಕ್ಕೆ ಅಚ್ಚ ಹಳದಿ ಮತ್ತು ಬಿಳಿ ಎರಡಕ್ಕೂ 255. ಒಂದು ಅನುಕೂಲ ಮಾತ್ರ ಉಂಟು: ದೊಡ್ಡದೇ 255 ದಾಟದಿದ್ದರೆ ಬೇರೆಯವು ದಾಟುವುದಿಲ್ಲ. ಸರಾಸರಿಯಲ್ಲಿ ಆ ಕಾವಲಿಲ್ಲ. ಮೇಲಿನ ಚುಕ್ಕಿಯ 60 ಅನ್ನು 180ಕ್ಕೆ ಏರಿಸಿ ನೋಡಿ: 180, 270, 90. ಹಸಿರು 255ಕ್ಕೆ ಕತ್ತರಿಸಿಹೋಗುತ್ತದೆ, ಪಾಲು ಕೆಡುತ್ತದೆ, ಎಲೆ ಹಳದಿಗೆ ವಾಲುತ್ತದೆ. ಇಲ್ಲದ ರೋಗ ಕಂಡೀತು. ಮೇಡಂ, "ಬಣ್ಣ ಕೆಡುವುದಿಲ್ಲ" ಎಂದು ಖಡಾಖಂಡಿತ ಬರೆಯಬೇಡಿ. ಏರಿಸಿದ ಮೇಲೆ ಹಸಿರು 255ಕ್ಕೆ ತಾಗಿದ ಜಾಗ ಎಷ್ಟಿದೆ ನೋಡಿ, ಅಂತ ಒಂದು ಸಾಲು ಸೇರಿಸಿ. ಇನ್ನೊಂದು, ತೀರಾ ಕತ್ತಲ ಜಾಗವನ್ನು ಹಿಗ್ಗಿಸಿದರೆ ಇಲ್ಲದ ಬಣ್ಣದ ಕಲೆಗಳು ಏಳುತ್ತವೆ. 2, 3, 1 ಎಂಬಲ್ಲಿ ಒಂದು ಅಂಕಿ ಆಚೀಚೆ ಆದರೂ ಡಿಗ್ರಿ ಎಲ್ಲಿಂದೆಲ್ಲಿಗೋ ಹಾರುತ್ತದೆ.

ಪದಕ್ಕೆ ಬಂದರೆ, ಸ್ಯಾಚುರೇಶನ್ನಿಗೆ "ಅಚ್ಚತನ" ಹೇಗೆ? ಅಚ್ಚಗೆಂಪು, ಅಚ್ಚಹಸಿರು ಎಂದು ಮನೆಯಲ್ಲೇ ಆಡುತ್ತೇವೆ. ಬೂದಿ ಬೆರೆಯದ್ದು ಎಂದೇ ಅರ್ಥ.

ಸಾಗರದ ಮೇಷ್ಟ್ರು:
ಒಪ್ಪಿದೆ. ಅಚ್ಚಗನ್ನಡದ ಅಚ್ಚ. ಕಡುಪು ವಾಪಸ್.

ಕೊಪ್ಪದಿಂದ:
ಮೇಷ್ಟ್ರೇ, ಅಚ್ಚ ಎಂಬುದೇ ಸಂಸ್ಕೃತದ ಅಚ್ಛದ ತದ್ಭವ. ನೀವು ಮೊದಲಿಗೆ ಕೊಟ್ಟ ಬಣ್ಣವೂ ವರ್ಣದ ತದ್ಭವ. ಛಾಯೆಯನ್ನು ಯಾಕೆ ಓಡಿಸಿದಿರಿ?

ಸಾಗರದ ಮೇಷ್ಟ್ರು:
ತದ್ಭವ ನಮ್ಮ ಮನೆಗೆ ಬಂದು ನಮ್ಮ ಊಟ ಉಂಡಿದೆ. ತತ್ಸಮ ಇನ್ನೂ ಜಗುಲಿಯಲ್ಲೇ ಕೂತಿದೆ. ಅಚ್ಚದ ಬಗ್ಗೆ ನಿಮ್ಮ ಮಾತು ನಾನು ಒಪ್ಪುವುದಿಲ್ಲ.

ಕೊಪ್ಪದಿಂದ:
ಒಪ್ಪಬೇಡಿ. ಆದರೆ ಛಾಯೆ ಬೇಡ ಎನ್ನಲು ಬೇರೆ ಒಳ್ಳೆ ಕಾರಣವೇ ಇದೆ. ಅದಕ್ಕೆ ನೆರಳು ಎಂಬ ಅರ್ಥವೂ ಇದೆ. ತೋಟದ ನೆರಳಲ್ಲಿ ತೆಗೆದ ಫೋಟೋ ಬಗ್ಗೆ ಬರೆಯುವಾಗ ಗೊಂದಲ ಆಗುತ್ತದೆ.

ತೀರ್ಥಹಳ್ಳಿಯ ಅನುವಾದಕಿ:
ಬಣ್ಣದ ಬಗೆ, ಅಚ್ಚತನ, ಬೆಳಕು ಎಂದು ಕಳಿಸುತ್ತಿದ್ದೇನೆ. 255ರ ಸಾಲೂ ಸೇರಿಸಿದೆ. ಈಕ್ವಲೈಸ್‌ಗೆ "ಸಮನಾಗಿ ಹರಡಿ" ಎಂದಿದ್ದೇನೆ.

ಹೊಸನಗರದಿಂದ:
ಸಮೀಕರಣ ಅಲ್ವಾ?

ಶಿವಮೊಗ್ಗದಿಂದ:
ಅದು ಈಕ್ವೇಶನ್. ಬೇಡ. ಹರಡಿ ಎಂಬುದು ಸರಿ, ಸಮನಾಗಿ ಎಂಬುದು ಪೂರ್ತಿ ನಿಜವಲ್ಲ. ಒಂದೇ ಅಂಕಿಯ ಚುಕ್ಕಿಗಳು ಗುಂಪಾಗಿಯೇ ಉಳಿಯುತ್ತವೆ. ಈಗ ಬದಲಿಸಲು ಹೊತ್ತಿದೆಯಾ?