ರಿಯಾಯಿತಿಗೆ ಬಂದ ಗಿರಾಕಿ, ಪೂರಾ ರೇಟಿಗೆ ಬಂದ ಗಿರಾಕಿ: ತೊಗರಿಬೇಳೆ ಮಾರೋರ ಅನುಭವ

ಕಲಬುರಗಿಯಿಂದ ಪ್ರಶ್ನೆ: ಕಪನೂರಿನ ಮಿಲ್ಲಿನಿಂದ ತೊಗರಿಬೇಳೆ ತಗೊಂಡು 5 ಕೆಜಿ ಚೀಲ 900 ರೂಪಾಯಿಗೆ ಆನ್‌ಲೈನ್‌ನಾಗ ಮಾರ್ತೀನಿ. ದೀಪಾವಳಿಗೆ 40% ಬಿಟ್ಟೆ, ಮಂದಿ ಮುಗಿಬಿದ್ರು. ಪೂರಾ ರೇಟಿನ ಜಾಹೀರಾತಿಗೆ ಬಂದವರು ಕಮ್ಮಿ. ತಿಂಗಳಾತು, ತಿರುಗಿ ತಗೊಂಡವರು ಎರಡೂ ಕಡೆ ಅಷ್ಟಕ್ಕಷ್ಟೇ. ಮುಂದ ಯಾವುದಕ್ಕ ರೊಕ್ಕ ಹಾಕ್ಲಿ? ರಿಫಂಡ್ ಲೆಕ್ಕ ಹೆಂಗ ನೋಡ್ಲಿ?

ಸೇಡಂನ ರೊಟ್ಟಿ ವ್ಯಾಪಾರದವರು: ಅಣ್ಣಾರೆ, ರಿಯಾಯಿತಿ ಗಿರಾಕಿ ತಿರುಗಿ ಬರಂಗಿಲ್ಲ, ಬಿಟ್ಟುಬಿಡ್ರಿ. ನಾನು ಜೋಳದ ರೊಟ್ಟಿ ಕಟ್ಟಿಗೆ ಅರ್ಧ ರೇಟು ಇಟ್ಟಿದ್ದೆ. ಕೂಪನ್ ಮುಗಿದ ಮರುದಿನದಿಂದ ಫೋನೇ ಇಲ್ಲ. ಹತ್ತು ರೊಟ್ಟಿಯ ಸಣ್ಣ ಕಟ್ಟು ಅಗ್ಗಕ್ಕ ಕೊಟ್ಟಾಗ ಮಾತ್ರ ರುಚಿ ನೋಡಿ ಕೆಲವರು ಉಳಕೊಂಡ್ರು.

ಯಾದಗಿರಿಯಿಂದ: ರಿಫಂಡ್ ಸುದ್ದಿ ಅಂದ್ರ ನಂದೂ ಕೇಳ್ರಿ. ಹೋದ ತಿಂಗಳು ಒಂದು ಕಡೆ ಮಿಕ್ಸರ್ ತರಿಸಿ ವಾಪಸ್ ಕಳಿಸೀನಿ, ಇನ್ನೂ ರೊಕ್ಕ ಬಂದಿಲ್ಲ. ಯಾರಿಗೆ ಹೇಳ್ಬೇಕು?

ಶಹಾಬಾದ್‌ನವರು, ಆರು ವರ್ಷದಿಂದ ಬೇಳೆ ವ್ಯಾಪಾರ: ಯಾದಗಿರಿಯವರೇ, ಇಲ್ಲಿ ಮಾತು ಮಾರೋರ ಕಡೆಯದು, ನಿಮ್ಮ ಪ್ರಶ್ನೆ ಬ್ಯಾರೆ ಹಾಕ್ರಿ.

ಒಂದು ತಿಂಗಳ ಲೆಕ್ಕಕ್ಕ ಬೆಲೆ ಇಲ್ರಿ. ನಾಲ್ಕು ಮಂದಿ ಮನ್ಯಾಗ ದಿನಕ್ಕ 100 ಗ್ರಾಂ ಬೇಳೆ ಬೇಯಿಸಿದ್ರೂ 5 ಕೆಜಿ ಚೀಲ 50 ದಿನ ಬರ್ತದ. ಡಬ್ಬಿ ಖಾಲಿ ಆಗದವರು ತಿರುಗಿ ಹೆಂಗ ತಗೊಳ್ತಾರ? ಅದರಾಗ ಅಗ್ಗ ಸಿಕ್ಕಾಗ ಮಂದಿ ಎರಡು ಚೀಲ ಒಯ್ತಾರ, ಅಂದ್ರ ಅವರ ಬಾಗಿಲು 100 ದಿನ ಮುಚ್ಚಿರ್ತದ. ಅದಕ್ಕ ನಾನು ಪ್ರತಿಯೊಬ್ಬರಿಗೂ ಅವರ ಮೊದಲ ಚೀಲ ಮುಟ್ಟಿದ ದಿನದಿಂದ 120 ದಿನ ಎಣಿಸ್ತೀನಿ. ಎರಡೂ ಗುಂಪಿಗೆ ಅದೇ ಅಳತೆ.

ಹಂಗ ನೋಡಿದಾಗ ನನ್ನ ಲೆಕ್ಕ ಇದು. ನಂದೂ 900ರ ಚೀಲನೇ. ರಿಯಾಯಿತಿಗೆ ಚೀಲ ಮುಟ್ಟಿದ್ದು 150 ಮಂದಿಗೆ, ತಿರುಗಿ ಬಂದವರು 24. ಪೂರಾ ರೇಟಿಗೆ 50 ಮಂದಿ, ತಿರುಗಿ ಬಂದವರು 15. ಆದ್ರ ಆ 24ರಾಗ 17 ಮಂದಿ ಇನ್ನೊಂದು ಕೂಪನ್ ಬಿಟ್ಟಾಗಲೇ ಬಂದವರು. ಪೂರಾ ರೊಕ್ಕ ಕೊಟ್ಟವರು ಏಳೇ. ಆ 15ರಾಗ 13 ಮಂದಿ ಪೂರಾ ಕೊಟ್ರು. ರಿಯಾಯಿತಿಯವರಿಗೆ ತಲಾ 360 ಬಿಟ್ಟಿದ್ದು, 60 ಜಾಹೀರಾತಿಗೆ, ಒಟ್ಟು 63,000. ಏಳಕ್ಕ ಭಾಗಿಸ್ರಿ, ಪೂರಾ ರೇಟಿನ ಒಬ್ಬ ಕಾಯಂ ಗಿರಾಕಿಗೆ 9,000 ಬಿತ್ತು. ಇನ್ನೊಂದು ಕಡೆ ತಲಾ 260 ಜಾಹೀರಾತು, ಒಟ್ಟು 13,000. ಒಬ್ಬರಿಗೆ 1,000.

ರಿಫಂಡಿಗೆ ಬಂದ್ರ, ಎರಡು ಬ್ಯಾರೆ ಸಂಗತಿ ಒಂದರಾಗ ಕಲಸಬ್ಯಾಡ್ರಿ. ಮನಿ ಬಾಗಿಲಿಗೆ ಹೋದ ಚೀಲ ತಗೊಳ್ಳದೆ ವಾಪಸ್ ಕಳಿಸಿದ್ದು ರಿಯಾಯಿತಿಯಾಗ 21, ಪೂರಾ ರೇಟಿನಾಗ 3. ಬಹಳಷ್ಟು ಕ್ಯಾಶ್ ಆನ್ ಡೆಲಿವರಿ. ರಿಫಂಡ್ ಕಾಲಮ್ಮಿನಾಗ ಇವು ಕಾಣಂಗಿಲ್ಲ, ಯಾಕಂದ್ರ ರೊಕ್ಕನೇ ಬಂದಿರಲಿಲ್ಲ. ಹೋಗಿ ಬರೋ ಬಾಡಿಗಿ ಮಾತ್ರ ನಮ್ಮ ತಲಿ ಮ್ಯಾಲ. ಚೀಲ ಬಿಚ್ಚಿ ನೋಡಿ ರೊಕ್ಕ ವಾಪಸ್ ಕೇಳಿದವರು ಎರಡೂ ಕಡೆ ಮೂರು ಮೂರು ಮಂದಿ. ಅಂದ್ರ 150ಕ್ಕ 3, 50ಕ್ಕ 3. ಪೂರಾ ರೇಟಿನವರದೇ ಹೆಚ್ಚು! ಒಬ್ಬರು ‘ಪಾಲಿಶ್ ಹೊಡೆದ ಬೇಳೆ ಅದ’ ಅಂತ ಫೋಟೋ ಕಳಿಸಿದ್ರು. ನನಗನ್ನಿಸೋದು, 540 ಕೊಟ್ಟವರು ಬೇಳೆ ಸೇರದಿದ್ರ ಸುಮ್ಮನಾಗ್ತಾರ, 900 ಕೊಟ್ಟವರು ಜಗಳಕ್ಕ ಬರ್ತಾರ. ಮೂರು ಮಂದಿ ಮ್ಯಾಲ ಕಟ್ಟಿದ ಮಾತು, ಗಟ್ಟಿ ಅಲ್ಲ.

ಬೀದರಿಂದ, ಬಿದ್ರಿ ಸಾಮಾನು ಮಾರೋರು: ನಮ್ಮಲ್ಲಿ ಈ ಅಳತೆ ನಡಿಯಂಗಿಲ್ಲ. ಹೂದಾನಿ ಒಮ್ಮೆ ತಗೊಂಡವರು ಮತ್ತ ಬರೋದು ಮದುವಿ ಉಡುಗೊರಿಗೆ, ಅದು ಎರಡು ವರ್ಷಕ್ಕೂ ಆಗಬಹುದು. 120 ದಿನ ನೋಡಿದ್ರ ಎರಡೂ ಕಡೆ ಸೊನ್ನೆ.

ಪ್ರಶ್ನೆ ಕೇಳಿದವರು: ಶಹಾಬಾದ್ ಅಣ್ಣಾರೆ, ಕೂತು ಮೊಬೈಲ್ ನಂಬರ್, ವಿಳಾಸ ತಾಳೆ ಹಾಕಿದೆ. ಕೂಪನ್ ಹಾಕಿದ 200ರಾಗ 31 ಮಂದಿ ನನ್ನ ಹಳೇ ಗಿರಾಕಿಗಳೇ! ಒಬ್ಬರಂತೂ ಹೆಂಡತಿ ನಂಬರಿನಿಂದ ಹಾಕ್ಯಾರ, ಮನಿ ಅದೇ ಬ್ರಹ್ಮಪುರದ್ದು. ತಿರುಗಿ ಬಂದವರು ಅಂತ ಎಣಿಸಿದ್ದು ಹೆಚ್ಚಿನವರು ಇವರೇ ಅದಾರ. ಇನ್ನೊಂದು ಸಂಶಯ: ಕೂಪನ್ ಜಾಹೀರಾತು ಹೈದರಾಬಾದಿಗೂ ತೋರಿಸಿದ್ದೆ, ಪೂರಾ ರೇಟಿಂದು ಬರೇ ಬೆಂಗಳೂರಿಗೆ.

ಶಹಾಬಾದ್‌ನವರು: ಹಂಗಾದ್ರ ಫರಕು ರೇಟಿಂದೋ ಊರಿಂದೋ ಹೇಳೋಕಾಗಲ್ಲ. ನಂದೂ ಅದೇ ತಪ್ಪು ಇತ್ತು, ದೀಪಾವಳಿ ಗುಂಪನ್ನ ಫೆಬ್ರುವರಿ ಗುಂಪಿಗೆ ಹೋಲಿಸಿದ್ದೆ. ಅಷ್ಟೊತ್ತಿಗೆ ಹೊಸ ತೊಗರಿ ಮಾರ್ಕೆಟ್ಟಿಗೆ ಬಂದಿರ್ತದ. ಈ ಸಲ ಬೆಂಗಳೂರೊಂದೇ ಊರು, ಒಂದೇ ವಾರ, ಒಂದೇ ಫೋಟೋ ಇಡ್ರಿ. ಅರ್ಧ ಮಂದಿಗೆ ಕೂಪನ್ ತೋರಿಸ್ರಿ, ಅರ್ಧ ಮಂದಿಗೆ ಬ್ಯಾಡ. ಒಬ್ಬರಿಗೆ ಒಂದೇ ಚೀಲ ಅಂತ ಮಿತಿ ಹಾಕ್ರಿ.

ಸೇಡಂನವರು: ಒಂದೇ ಊರಿನವರಿಗೆ ಎರಡು ರೇಟು ತೋರಿಸಿ ಅವರವರೇ ಮಾತಾಡಿಕೊಂಡ್ರ?

ಶಹಾಬಾದ್‌ನವರು: ಅದೊಂದು ಪೀಕಲಾಟ ಅದ ನೋಡ್ರಿ ಅಕ್ಕಾರೆ. ನನಗ ಇಬ್ಬರು ಫೋನ್ ಮಾಡಿದ್ರು, ಅವರಿಗೂ ಕೂಪನ್ ಕೊಟ್ಟು ಲೆಕ್ಕದಿಂದ ತೆಗೆದೆ.