11 ತಿಂಗಳ ಕಾಂಟ್ರಾಕ್ಟ್, ಆಮೇಲೆ ಪರ್ಮನೆಂಟ್ ಅಂತಾರೆ: ನಂಬಬಹುದಾ?

ಕುಶಾಲನಗರದ ಅಕೌಂಟ್ಸ್ ಹುಡುಗ: ಇಲ್ಲೇ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ನೋಡಿಕೊಳ್ತೀನಿ. ಪರ್ಮನೆಂಟ್, ಕೈಗೆ 26 ಸಾವಿರ. ಈಗ ಮೈಸೂರಿನ ಕಂಪನಿಯೊಂದಕ್ಕೆ ಏಜೆನ್ಸಿ ಮೂಲಕ 11 ತಿಂಗಳ ಕಾಂಟ್ರಾಕ್ಟ್ ಬಂದಿದೆ, ತಿಂಗಳಿಗೆ 42 ಸಾವಿರ. ಕೆಲಸ ಚೆನ್ನಾಗಿದ್ರೆ ಕಂಪನಿನೇ ತಗೊಳ್ಳುತ್ತೆ ಅಂತಾರೆ. ನಿಜವಾಗಿ ತಗೊಳ್ತಾರಾ? ಸೇರೋ ಮುಂಚೆ ಏನು ಕೇಳಬೇಕು? ಅನುಭವ ಇರೋರು ಹೇಳಿ.

ಗೋಣಿಕೊಪ್ಪದವಳು: ನಾನು ಇದೇ ದಾರಿಯಲ್ಲಿ ಒಳಗೆ ಹೋದವಳು. ಮೈಸೂರಿನ ಒಂದು ಕಾರ್ಖಾನೆ, ಪರ್ಚೇಸ್ ವಿಭಾಗ. ಈಗ ಕಂಪನಿಯ ಪೇರೋಲ್‌ನಲ್ಲೇ ಇದ್ದೇನೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಇಂಟರ್‌ವ್ಯೂನಲ್ಲಿ ಮ್ಯಾನೇಜರ್‌ಗೆ ಒಂದೇ ಮಾತು ಕೇಳಿದ್ದೆ. "ಹೋದ ವರ್ಷ ಈ ಕೆಲಸ ಯಾರು ಮಾಡ್ತಿದ್ದರು ಸರ್, ಅವರು ಈಗ ಎಲ್ಲಿದ್ದಾರೆ?" ಕಂಪನಿಯ ಸ್ವಂತ ನೌಕರರೊಬ್ಬರು ಮಾಡ್ತಿದ್ದರು, ರಾಜೀನಾಮೆ ಕೊಟ್ಟು ಹೋದರು ಅಂದರು. ಅಂದರೆ ಆ ಹುದ್ದೆ ಮೊದಲೇ ಕಂಪನಿಯ ಲೆಕ್ಕದಲ್ಲಿ ಇದೆ, ಜನ ಮಾತ್ರ ಇಲ್ಲ. ಹಾಗಿದ್ದಾಗ ನಿಮ್ಮನ್ನು ತಗೊಳ್ಳೋಕೆ ಹೊಸ ಹುದ್ದೆಗೆ ಯಾರ ಸಹಿಯೂ ಬೇಕಾಗಲ್ಲ. ನನ್ನ ಜೊತೆ ಏಜೆನ್ಸಿಯಿಂದ ಆರು ಜನ ಸೇರಿದ್ದೆವು. ಒಳಗೆ ಹೋಗಿದ್ದು ಇಬ್ಬರು. ಇಬ್ಬರೂ ಬಿಟ್ಟುಹೋದವರ ಜಾಗಕ್ಕೆ ಬಂದವರು. ಉಳಿದ ನಾಲ್ವರು ಹೊಸ ಪ್ರಾಜೆಕ್ಟ್‌ಗೆ ಅಂತ ಬಂದಿದ್ದರು. ಕೆಲಸದಲ್ಲಿ ಅವರು ನಮಗಿಂತ ಕಡಿಮೆ ಏನಿರಲಿಲ್ಲ, ಪ್ರಾಜೆಕ್ಟ್ ಮುಗೀತು, ಮನೆಗೆ ಹೋದರು.

ಹೇಳಿದ ಸಮಯಕ್ಕೆ ಅಂತೂ ಆಗಲಿಲ್ಲ. ಮೊದಲ ಕಾಂಟ್ರಾಕ್ಟ್ ಮುಗಿದ ಮೇಲೆ ಮೂರು ತಿಂಗಳು ಮುಂದುವರಿಸಿದರು. ಹೊಸ ಬಜೆಟ್ ಏಪ್ರಿಲ್‌ನಲ್ಲಿ ಬರೋ ತನಕ ಕಾಯಬೇಕಿತ್ತು. ಆಮೇಲೂ ಮತ್ತೆ ಇಂಟರ್‌ವ್ಯೂ, ಮತ್ತೆ ಮೆಡಿಕಲ್. ಸಂಬಳ ತಿಂಗಳಿಗೆ ಎರಡು ಸಾವಿರ ಕಡಿಮೆ ಆಯ್ತು. ಏಜೆನ್ಸಿಯಲ್ಲಿ ದುಡಿದ ಕಾಲ ಸರ್ವೀಸ್‌ಗೆ ಸೇರಲಿಲ್ಲ. ಆದರೂ ಸರಿ ಅಂತ ಸಹಿ ಹಾಕಿದೆ.

ಮಡಿಕೇರಿ ಫ್ರಂಟ್ ಆಫೀಸ್: ಅಕ್ಕ, ನಿಮ್ಮದು ಆಯ್ತು ಅಂತ ಎಲ್ಲರದ್ದೂ ಆಗಲ್ಲ. ನಾನು ಇಲ್ಲಿನ ಒಂದು ರೆಸಾರ್ಟ್‌ನಲ್ಲಿ ವರ್ಷಗಟ್ಟಲೆ ಎಂಟೊಂಬತ್ತು ತಿಂಗಳ ಕಾಗದದಲ್ಲೇ ದುಡಿದೆ. ಪ್ರತಿ ಸಲವೂ ಕಾಗದ ಮುಗಿಯೋದು ಜೂನ್‌ನಲ್ಲಿ. ಮಳೆ ಶುರುವಾದರೆ ಗೆಸ್ಟ್ ಇರಲ್ಲ, ನಮಗೂ ಸಂಬಳ ಇರಲ್ಲ. ಮಳೆ ನಿಂತ ಮೇಲೆ ಮತ್ತೆ ಕರೆಯೋರು, ಹೊಸ ಕಾಗದ, ಹೊಸ ಸೇರ್ಪಡೆ ದಿನಾಂಕ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಬುಕಿಂಗ್ ಪೂರಾ ರದ್ದಾಯ್ತು. ಪರ್ಮನೆಂಟ್‌ನವರಿಗೆ ಅರ್ಧ ಸಂಬಳವಾದರೂ ಸಿಕ್ಕಿತು. ನಮಗೆ ಬಂದಿದ್ದು ಒಂದು ಫೋನ್ ಕಾಲ್.

ನಡುವೆ ಏಜೆನ್ಸಿ ಬದಲಾಯ್ತು. ಅದೇ ಕೌಂಟರ್, ಅದೇ ಸಮವಸ್ತ್ರ, ಆದರೆ ಪಿಎಫ್ ಪಾಸ್‌ಬುಕ್‌ನಲ್ಲಿ ಬೇರೆ ಸಂಸ್ಥೆಯ ಹೆಸರು. ಹಳೇ ಏಜೆನ್ಸಿ ಕೊನೆಯ ನಾಲ್ಕು ತಿಂಗಳ ಪಿಎಫ್ ಕಟ್ಟೇ ಇರಲಿಲ್ಲ. ಸ್ಲಿಪ್‌ನಲ್ಲಿ ನನ್ನ 1,800 ಕಡಿತ ಆಗಿದೆ, ಪಾಸ್‌ಬುಕ್‌ನಲ್ಲಿ ಖಾಲಿ. ಅವರ ಪಾಲೂ ಸೇರಿದರೆ 14,400. ಇವತ್ತಿಗೂ ಬಂದಿಲ್ಲ. ಅನುಭವ ಪತ್ರ ಕೇಳಿದರೆ ರೆಸಾರ್ಟ್‌ನವರು "ನೀನು ನಮ್ಮ ನೌಕರನಲ್ಲ" ಅಂದರು. ಹಿಂದೆ ಈ ಕೆಲಸ ಯಾರು ಮಾಡ್ತಿದ್ದರು ಅಂತ ನಾನು ಕೇಳಿದ್ದರೂ ಏನಾಗ್ತಿತ್ತು? ನನಗಿಂತ ಮುಂಚೆ ಇದ್ದವನೂ ಕಾಂಟ್ರಾಕ್ಟೇ.

ಗೋಣಿಕೊಪ್ಪದವಳು: ಅದನ್ನೇ ಅಲ್ವಾ ನಾನು ಹೇಳಿದ್ದು? ಮುಂಚೆ ಇದ್ದವನೂ ಕಾಂಟ್ರಾಕ್ಟ್ ಅಂದರೆ ಆ ಜಾಗ ಯಾವತ್ತೂ ಪರ್ಮನೆಂಟ್ ಆಗಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ನಾಪೋಕ್ಲು: ಯಾರೂ ಹೆದರಬೇಡಿ. ಒಂದೇ ಕಡೆ 240 ದಿನ ಕೆಲಸ ಮಾಡಿದರೆ ಪರ್ಮನೆಂಟ್ ಮಾಡಲೇಬೇಕು, ಕಾನೂನೇ ಇದೆ. ನಮ್ಮ ಚಿಕ್ಕಪ್ಪ ಎಸ್ಟೇಟ್ ಆಫೀಸ್‌ನಲ್ಲಿದ್ದಾಗ ಇದನ್ನೇ ಹೇಳಿ ಕೇಸ್ ಹಾಕಿದ್ದರು, ದುಡ್ಡು ಸಿಕ್ಕಿತು.

ಹಳೇ ಎಚ್ಆರ್, ವಿರಾಜಪೇಟೆ: ದುಡ್ಡು ಸಿಕ್ಕಿರಬಹುದು, ಕೆಲಸ ಸಿಕ್ಕಿದ್ದಲ್ಲ. 240 ದಿನ ದಾಟಿದವರನ್ನು ತೆಗೆದುಹಾಕುವಾಗ ನೋಟಿಸು, ಪರಿಹಾರ ಕೊಡಬೇಕು. ಖಾಯಂ ಮಾಡಲೇಬೇಕು ಅಂತ ಎಲ್ಲೂ ಇಲ್ಲ. ಕಾಗದದಲ್ಲೇ ಕೊನೆಯ ದಿನ ಬರೆದಿದ್ದರೆ, ಆ ದಿನ ಕೆಲಸ ಮುಗಿಯೋದನ್ನು ತೆಗೆದುಹಾಕಿದ್ದು ಅಂತ ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಳ್ಳಲ್ಲ. ಈ 240ರ ಮಾತು ನಂಬಿ ಕೂತವರನ್ನು ಬಹಳ ನೋಡಿದ್ದೇನೆ.

ನಾನು ಕಂಪನಿ ಕಡೆಯಲ್ಲಿ ಕೂತು ಇಂಥ ಒಪ್ಪಂದಗಳನ್ನು ಮಾಡಿದವನು. ಹೊರಗಿನವರಿಗೆ ಕಾಣದ ಕಾಗದ ಒಂದಿದೆ. ನೀವು ಸಹಿ ಹಾಕೋದು ಏಜೆನ್ಸಿ ಜೊತೆ. ಏಜೆನ್ಸಿ ಮತ್ತು ಕಂಪನಿ ನಡುವೆ ಬೇರೆ ಒಪ್ಪಂದ ಇರುತ್ತೆ. ನಿಮ್ಮ ಸಂಬಳದ ಮೇಲೆ ಏಜೆನ್ಸಿ ಪ್ರತಿ ತಿಂಗಳು ತನ್ನ ಕಮಿಷನ್ ಸೇರಿಸಿ ಬಿಲ್ ಮಾಡುತ್ತೆ. ಕಂಪನಿ ನಿಮ್ಮನ್ನು ತನ್ನ ಪೇರೋಲ್‌ಗೆ ತಗೊಂಡರೆ ಆ ಆದಾಯ ನಿಂತುಹೋಗುತ್ತೆ. ಅದಕ್ಕೇ ಆ ಒಪ್ಪಂದದಲ್ಲಿ, ಇಷ್ಟು ತಿಂಗಳ ಒಳಗೆ ತಗೊಂಡರೆ ಇಷ್ಟು ಹಣ ಕೊಡಬೇಕು, ಆಮೇಲೆ ಏನೂ ಕೊಡಬೇಕಿಲ್ಲ ಅಂತ ಒಂದು ಷರತ್ತು ಇರೋದು ವಾಡಿಕೆ. ನೀವು ಕೇಳಬೇಕಾದ್ದು ಇದು: ಯಾವ ತಿಂಗಳಿನಿಂದ ಕಂಪನಿ ನನ್ನನ್ನು ಹಣ ಕೊಡದೆ ತಗೊಳ್ಳಬಹುದು?

ಕೇಳಿದವರ ಲೆಕ್ಕವನ್ನೇ ಹಿಡಿಯೋಣ. ಕಾಂಟ್ರಾಕ್ಟ್ 11 ತಿಂಗಳು. ಆ ಷರತ್ತು 12 ತಿಂಗಳಿಗಿದ್ದರೆ, ಮೊದಲ ಕಾಗದದೊಳಗೆ ಯಾರೂ ನಿಮ್ಮನ್ನು ತಗೊಳ್ಳಲ್ಲ. ಒಂದು ಸಲವಾದರೂ ಮುಂದುವರಿಸಬೇಕು. ಮುಂದುವರಿಸೋವಾಗ ಹೊಸ ಕಾಗದವಾ, ಅದೇ ಕಾಗದಕ್ಕೆ ತಿದ್ದುಪಡಿಯಾ, ನಡುವೆ ದಿನ ಬಿಡ್ತಾರಾ, ಇದನ್ನು ಈಗಲೇ ಕೇಳಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನಿಗದಿತ ಅವಧಿಯ ನೌಕರರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ. 11 ತಿಂಗಳಿಗೆ ಕಾಗದ ಮುಗಿದರೆ ಅದು ಕೈಗೆ ಸಿಗೋದು ಅನುಮಾನ.

ಇನ್ನು 42 ಸಾವಿರ ಕೈಗೆ ಬರೋದಾ, ಒಟ್ಟು ವೆಚ್ಚವಾ? ಒಟ್ಟು ವೆಚ್ಚವಾದರೆ ಎರಡೂ ಕಡೆಯ ಪಿಎಫ್ ಅದರಲ್ಲೇ ಹೋಗುತ್ತೆ. ಕಟ್ಟೋದು 15 ಸಾವಿರದ ಮೇಲೆ ಮಾತ್ರ ಆದರೂ 1,800 ಎರಡು ಸಲ. ವೃತ್ತಿ ತೆರಿಗೆ 200, ಇನ್ಶುರೆನ್ಸ್ ಬೇರೆ. 38 ಸಾವಿರದ ಆಸುಪಾಸು ಉಳಿಯುತ್ತೆ. ಮೈಸೂರಲ್ಲಿ ರೂಮು, ಊಟ ಕಳೆದು ಈಗಿನ 26ರ ಜೊತೆ ಹೋಲಿಸಿ.

ಸೋಮವಾರಪೇಟೆ ಔಟ್‌ಸೋರ್ಸ್: ನಾನು ಸರ್ಕಾರಿ ಕಚೇರಿಯೊಂದರಲ್ಲಿ ಡೇಟಾ ಎಂಟ್ರಿ. ಇದೆಲ್ಲ ಬಿಡಿ, ಸುಪ್ರೀಂ ಕೋರ್ಟ್ 2006ರಲ್ಲಿ ಉಮಾದೇವಿ ಕೇಸ್‌ನಲ್ಲಿ ಹೇಳಿಬಿಟ್ಟಿದೆ. ನೇಮಕಾತಿ ನಿಯಮ ದಾಟಿ ಬಂದವರು ಎಷ್ಟು ವರ್ಷ ದುಡಿದರೂ ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋಕಾಗಲ್ಲ. ಅದು ನಮ್ಮ ಕರ್ನಾಟಕದ್ದೇ ಕೇಸ್. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಆದವರಿಗೆ ಒಂದು ಸಲ ಅವಕಾಶ ಕೊಡಿ ಅಂದಿತ್ತು. ನಮ್ಮಂಥವರಿಗೆ ಅದೂ ಇಲ್ಲ, ನಾವು ಏಜೆನ್ಸಿಯ ಜನ. ಟೆಂಡರ್ ಬದಲಾದಾಗಲೆಲ್ಲ ಎರಡು ತಿಂಗಳು ಸಂಬಳ ನಿಲ್ಲುತ್ತೆ. ಹೋದ ಸಲ ಮಗಳ ಶಾಲೆ ಫೀಸಿಗೆ ಓಲೆ ಅಡವಿಟ್ಟೆ. ದಯವಿಟ್ಟು ಯಾರೂ ಪರ್ಮನೆಂಟ್ ಬಿಟ್ಟು ಬರಬೇಡಿ.

ನಾಪೋಕ್ಲು: ಅವರು ಕೇಳಿದ್ದು ಖಾಸಗಿ ಕಂಪನಿ ವಿಷಯ. ಉಮಾದೇವಿ ಇಲ್ಲಿಗೆ ಯಾಕೆ?

ಸೋಮವಾರಪೇಟೆ ಔಟ್‌ಸೋರ್ಸ್: ನಿಮ್ಮ 240 ಬರಬಹುದು, ನನ್ನ ಕಷ್ಟ ಬರಬಾರದಾ? ಏಜೆನ್ಸಿ ಅಂದಮೇಲೆ ಸರ್ಕಾರಿ ಆದರೇನು, ಖಾಸಗಿ ಆದರೇನು. ಸಂಬಳ ನಿಂತಾಗ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.

ಮಡಿಕೇರಿ ಫ್ರಂಟ್ ಆಫೀಸ್: ಇವರು ಹೇಳಿದ್ದು ಸರಿ. ಗೋಣಿಕೊಪ್ಪದ ಅಕ್ಕನಿಗೆ ಧೈರ್ಯ ಎಲ್ಲಿಂದ ಬಂತು ಅಂತಲೂ ಹೇಳಲಿ. ಮನೆ ಹಿಂದೆ ತೋಟ ಇದ್ದವರು ಕಾಂಟ್ರಾಕ್ಟ್ ಹಿಡಿಯೋದು ಬೇರೆ. ಆಗಲಿಲ್ಲ ಅಂದರೆ ಕಾಫಿ ಕುಯ್ಯೋಕೆ ವಾಪಸ್ ಬರಬಹುದು. ಬಾಡಿಗೆ ಮನೆಯಲ್ಲಿರೋರು ಎಲ್ಲಿಗೆ ಬರಬೇಕು?

ಗೋಣಿಕೊಪ್ಪದವಳು: ನಮ್ಮ ಮನೆ ವಿಷಯ ನಿಮಗೇನು ಗೊತ್ತು? ಅಪ್ಪನದ್ದು ಎರಡು ಎಕರೆ ರೊಬಸ್ಟಾ, ಮೂರು ಜನ ಮಕ್ಕಳು. ಕುಯ್ಲಿನ ಕೂಲಿ, ಗೊಬ್ಬರ, ಬೇಸಿಗೆಯಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್‌ಗೆ ಡೀಸೆಲ್. ರೇಟು ಬಂದ ವರ್ಷ ಒಳ್ಳೆಯದು, ಬರದ ವರ್ಷಗಳ ಸಾಲ ನಿಮಗೆ ಕಾಣಲ್ಲ. ಕೊಡಗಿನವರಿಗೆಲ್ಲ ತೋಟ ಇದೆ, ದುಡ್ಡಿದೆ ಅಂತ ಹೊರಗಿನವರು ಹೇಳ್ತಿದ್ದರು. ಈಗ ಒಳಗಿನವರೂ ಶುರು ಮಾಡಿದ್ದೀರಾ.

ಮಡಿಕೇರಿ ಫ್ರಂಟ್ ಆಫೀಸ್: ಎರಡು ಎಕರೆಯೂ ನೆಲವೇ ಅಕ್ಕ. ಇಲ್ಲದವರನ್ನು ಕೇಳಿ.

ಕುಶಾಲನಗರದ ಅಕೌಂಟ್ಸ್ ಹುಡುಗ: ಜಗಳ ಬೇಡ, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಫೋನ್ ಮಾಡಿ ಕೇಳಿದೆ. ಈ ಕೆಲಸ ಹೋದ ವರ್ಷ ಮಾಡಿದವರೂ ಏಜೆನ್ಸಿಯವರೇ, ಅವರು ಈಗ ಅದೇ ಕಂಪನಿಯಲ್ಲಿ ಪರ್ಮನೆಂಟ್, ಬೇರೆ ವಿಭಾಗದಲ್ಲಿ ಅಂತೆ. ಷರತ್ತಿನ ತಿಂಗಳು ಕೇಳಿದ್ದಕ್ಕೆ ಏಜೆನ್ಸಿಯಾಕೆ "ಅದು ಗೌಪ್ಯ" ಅಂದರು. 42 ಒಟ್ಟು ವೆಚ್ಚ.

ಹಳೇ ಎಚ್ಆರ್, ವಿರಾಜಪೇಟೆ: ಏಜೆನ್ಸಿಯಾಕೆ ಹೇಳಲ್ಲ, ಅವರ ಆದಾಯದ ಮಾತು ಅದು. ನೀವು ಯಾರ ಕೈಕೆಳಗೆ ಕೆಲಸ ಮಾಡ್ತೀರೋ ಆ ಮ್ಯಾನೇಜರ್‌ನ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಅವರು ಇದುವರೆಗೆ ಯಾರನ್ನೂ ತಗೊಂಡಿಲ್ಲ ಅಂತಲೇ ಬಹುಪಾಲು. ಮುಂಚೆ ಇದ್ದವರು ಒಳಗೇ ಇದ್ದಾರೆ ಅನ್ನೋದು ಒಳ್ಳೆಯ ಸುದ್ದಿ. ಆದರೆ ಅವರ ಜೊತೆ ಐದು ನಿಮಿಷ ಮಾತಾಡಿಸಿ ಅಂತ ಕೇಳಿ. ನಿಜವಾಗಿದ್ದರೆ ನಂಬರ್ ಕೊಡೋಕೆ ಹಿಂಜರಿಯಲ್ಲ. ಸಿಕ್ಕರೆ ಅವರಿಗೆ ಒಂದೇ ಕೇಳಿ: ಎಷ್ಟನೇ ತಿಂಗಳಿಗೆ ಆಯ್ತು, ಸಂಬಳ ಇಳೀತಾ?

ಗೋಣಿಕೊಪ್ಪದವಳು: ಬೇರೆ ವಿಭಾಗಕ್ಕೆ ಹೋಗಿದ್ದಾರೆ ಅಂದರೆ ಈ ಹುದ್ದೆ ಮತ್ತೆ ಕಾಂಟ್ರಾಕ್ಟ್‌ಗೇ ಬಂತು ಅಂತ ಅರ್ಥ. ಜನರನ್ನು ತಗೊಳ್ತಾರೆ, ಈ ಜಾಗಕ್ಕೆ ತಗೊಳ್ಳಲ್ಲ. ಒಳಗೆ ಬೇರೆ ವಿಭಾಗಗಳಲ್ಲಿ ಜಾಗ ಖಾಲಿಯಾಗ್ತಾ ಇರುತ್ತಾ ನೋಡಿ.

ಮಡಿಕೇರಿ ಫ್ರಂಟ್ ಆಫೀಸ್: ನಾನಾದರೆ ಹೋಗಲ್ಲ. ಹೋಗೋದೇ ಆದರೆ ಮಾರ್ಚ್ ತನಕ ತಡೀರಿ. ಕ್ಯೂರಿಂಗ್‌ನಲ್ಲಿ ಈಗ ಸೀಸನ್, ಲೆಕ್ಕದವನು ನಡುವೆ ಬಿಟ್ಟರೆ ರಿಲೀವಿಂಗ್ ಲೆಟರ್ ಸತಾಯಿಸ್ತಾರೆ. ಮೈಸೂರಿಗೆ ಸೇರಿದ ಮೇಲೆ ಪ್ರತಿ ತಿಂಗಳು ಪಾಸ್‌ಬುಕ್ ತೆಗೆದು ನೋಡಿ, ಎರಡು ತಿಂಗಳು ಖಾಲಿ ಬಂದರೆ ಆಗಲೇ ಪಿಎಫ್ ಕಚೇರಿಗೆ ದೂರು ಕೊಡಿ, ಏಜೆನ್ಸಿ ಇನ್ನೂ ಅಲ್ಲೇ ಇರುವಾಗ.