ಆಷಾಢದ ಗಾಳಿಗೆ ಬರೀ ಹತ್ತಿ ದಾರ ತಡೆಯುತ್ತಾ?

ಚಿನ್ನು ಅಮ್ಮ: ಮಗಳಿಗೆ ಹತ್ತು ವರ್ಷ. ಈ ಆಷಾಢಕ್ಕೆ ಮನೇಲೇ ಗಾಳಿಪಟ ಮಾಡಬೇಕು ಅಂತ ಹಟ. ಯಾವ ಕಾಗದ, ಎಂಥ ಕಡ್ಡಿ ತಗೊಳ್ಳಲಿ? ಅಂಗಡಿಯವರು "ಬರೀ ಹತ್ತಿ ದಾರ ಈ ಗಾಳಿಗೆ ಪಟ್ ಅಂತ ಕಿತ್ತೋಗುತ್ತೆ, ಮಾಂಜಾನೇ ತಗೊಳ್ಳಿ" ಅಂತಿದಾರೆ. ನಿಜವಾ?

ಬಾಲಂಗೋಚಿ: ಒಂದು ಅಳತೆ ಇಟ್ಟುಕೊಂಡು ಮಾತಾಡೋಣ. 45 ಸೆಂ.ಮೀ. ಚೌಕದ ಪಟ ಅಂದುಕೊಳ್ಳಿ, ಮೂಲೆಯಿಂದ ಮೂಲೆಗೆ ಸುಮಾರು 64 ಸೆಂ.ಮೀ. ಬರುತ್ತೆ. ಗಂಟೆಗೆ 15 ಕಿ.ಮೀ. ಗಾಳಿಯಲ್ಲಿ ಇಷ್ಟು ದೊಡ್ಡ ಪಟ ಎಳೆಯೋದು ಹೆಚ್ಚುಕಡಿಮೆ 200 ಗ್ರಾಂ. ಗಾಳಿ 30ಕ್ಕೆ ಏರಿದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು. ಅಂದರೆ 800 ಗ್ರಾಂ ಹತ್ತಿರ. 40 ನಂಬರಿನ ಮೂರೆಳೆ ಹತ್ತಿ ದಾರ ತಡೆಯೋದು ಸುಮಾರು ಒಂದು ಕೆ.ಜಿ. ಗಂಟು ಹಾಕಿದ ಜಾಗದಲ್ಲಿ ಅದರಲ್ಲೂ ಅರ್ಧ ಹೋಗುತ್ತೆ. ಅಂಗಡಿಯವರು ಕಿತ್ತೋಗುತ್ತೆ ಅನ್ನೋದು ಈ ಸಣ್ಣ ದಾರದ ಮಟ್ಟಿಗೆ ಸರಿ. ಆದರೆ ಅದಕ್ಕೆ ಮದ್ದು ಮಾಂಜಾ ಅಲ್ಲ, 20 ನಂಬರಿನ ಮೂರೆಳೆ. ಅದು ಎರಡು ಕೆ.ಜಿ. ತಡೆಯುತ್ತೆ, ನಿಮ್ಮ ಪಟಕ್ಕೆ ಧಾರಾಳ ಸಾಕು.

ನಂಬರ್ ಕಮ್ಮಿಯಾದಷ್ಟೂ ದಾರ ದಪ್ಪ, ಅಂಗಡೀಲಿ ಇದೇ ಉಲ್ಟಾ ಆಗೋದು.

ಟೆರೇಸ್ ರಾಜ: ಹಾಗಾದ್ರೆ 10 ನಂಬರೇ ತಗೊಂಡ್ರೆ ಆಯ್ತಲ್ಲ, ನಾಲ್ಕು ಕೆ.ಜಿ. ಬಂದ್ರೂ ಜಗ್ಗಲ್ಲ. ಇನ್ನೊಂದು ಮಾತು, ಚೈನಾ ಮಾಂಜಾ ಡೇಂಜರ್, ಒಪ್ತೀನಿ. ಅದು ನೈಲಾನು. ಆದ್ರೆ ಹತ್ತಿ ದಾರಕ್ಕೆ ಅನ್ನದ ಗಂಜಿ, ಗಾಜಿನ ಪುಡಿ ಸವರಿದ ದೇಸಿ ಮಾಂಜಾದಿಂದ ಏನೂ ಆಗಲ್ಲ. ತಾತನ ಕಾಲದಿಂದ ಇದೆ.

ಬಾಲಂಗೋಚಿ: ಮೊದಲು ದಪ್ಪದ ವಿಷಯ. ಹತ್ತು ಗ್ರಾಂ ತೂಗೋ ಪಟಕ್ಕೆ 10 ನಂಬರ್ ಕಟ್ಟಿದರೆ ದಾರವೇ ಪಟಕ್ಕಿಂತ ಭಾರ. ನೂರು ಮೀಟರ್ ಬಿಟ್ಟಿರೋ ಅಂದರೆ ಹದಿನೈದು ಗ್ರಾಂ ಮೀರುತ್ತೆ. ದಾರ ಹೊಟ್ಟೆ ಬಿಟ್ಟುಕೊಂಡು ಜೋಲುತ್ತೆ, ಪಟ ಮೇಲೇರಲ್ಲ. ಅದಕ್ಕಿಂತ ಮುಖ್ಯವಾದ್ದು, ದಾರ ಕಿತ್ತುಹೋಗೋದೇ ನಮ್ಮ ರಕ್ಷಣೆ. ಯಾರಿಗಾದರೂ ಸಿಕ್ಕಿಹಾಕಿಕೊಂಡಾಗ ಅದು ತುಂಡಾಗಬೇಕು. ಬೇಕಾದಷ್ಟೇ ಗಟ್ಟಿ ಇರಲಿ, ಅದಕ್ಕಿಂತ ಜಾಸ್ತಿ ಬೇಡ.

ಇನ್ನು ದೇಸಿ ಮಾಂಜಾ. ಬೈಕಿನವರು ಗಂಟೆಗೆ 40 ಕಿ.ಮೀ.ನಲ್ಲಿ ಬರ್ತಿದ್ದಾರೆ ಅಂದರೆ ಸೆಕೆಂಡಿಗೆ 11 ಮೀಟರ್. ರಸ್ತೆಗೆ ಅಡ್ಡ ಇಳಿಬಿದ್ದ ದಾರ ಕುತ್ತಿಗೆಗೆ ತಗಲಿದರೆ ಬರೀ ಒತ್ತಲ್ಲ, ಚರ್ಮದ ಮೇಲೆ ಅದೇ ವೇಗದಲ್ಲಿ ಜಾರುತ್ತೆ. ಬರೀ ಹತ್ತಿಯಾದರೆ ಒಂದೆರಡು ಕೆ.ಜಿ. ಬಲಕ್ಕೆ ತುಂಡಾಗುತ್ತೆ, ಗೀರು ಬೀಳಬಹುದು. ಗಾಜು ಹತ್ತಿದ ದಾರ ಗರಗಸ. ಅದಕ್ಕೆ ಬಲವೇ ಬೇಕಿಲ್ಲ, ಜಾರಿದರೆ ಸಾಕು, ತಾನು ತುಂಡಾಗೋ ಮೊದಲೇ ಕೊಯ್ದಿರುತ್ತೆ. ಕತ್ತಿನ ಪಕ್ಕದ ರಕ್ತನಾಳಗಳು ಚರ್ಮದಿಂದ ತುಂಬ ಆಳದಲ್ಲೇನೂ ಇಲ್ಲ. ನೈಲಾನ್ ಮಾಂಜಾದಲ್ಲಿ ಎರಡೂ ಕೆಡುಕು ಒಟ್ಟಿಗೆ ಸೇರಿವೆ: ಕೊಯ್ಯುತ್ತೆ, ಕಿತ್ತೂ ಹೋಗಲ್ಲ. ಹಾಗಾಗಿ ಅದು ಹೆಚ್ಚು ಕೆಟ್ಟದ್ದು ಅಂತ ನೀವು ಹೇಳೋದು ಸರಿ, ಇನ್ನೊಂದು ಸೇಫ್ ಅನ್ನೋದು ತಪ್ಪು. ಅಂದಹಾಗೆ ಚೈನಾ ಮಾಂಜಾ ಅನ್ನೋದು ಬರೀ ಹೆಸರಿಗೆ, ಬಹುಪಾಲು ನಮ್ಮ ದೇಶದಲ್ಲೇ ತಯಾರಾಗೋದು.

ಕಾನೂನು ಕಾಕಾ: ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ನೈಲಾನ್, ಸಿಂಥೆಟಿಕ್ ಮಾಂಜಾವನ್ನು ದೇಶಾದ್ಯಂತ ನಿಷೇಧಿಸಿತು. ಅಲ್ಲಿಗೆ ಮುಗೀತು ಅಂತ ಎಷ್ಟೋ ಜನ ತಿಳ್ಕೊಂಡಿದಾರೆ. ಕರ್ನಾಟಕದಲ್ಲಿ 2024ರ ಆದೇಶದ ಪ್ರಕಾರ ಗಾಜು, ಲೋಹ ಸವರಿದ ಹತ್ತಿ ದಾರಕ್ಕೂ ನಿಷೇಧ ಇದೆ. ಗಾಜು, ಅಂಟು ಏನೂ ಇಲ್ಲದ ಬರೀ ಹತ್ತಿ ದಾರಕ್ಕೆ ಮಾತ್ರ ಅವಕಾಶ. ರಾಜಾ, ತಾತನ ಕಾಲದ ವಾದ ಪೊಲೀಸರ ಮುಂದೆ ನಡೆಯಲ್ಲ.

ಹುಬ್ಬಳ್ಳಿ ಮಂದಿ: ಎಲ್ಲಾ ಖರೆ ಐತ್ರಿ, ಆದ್ರ ಪೇಚ್ ಹಾಕೂದು ಹ್ಯಾಂಗ? ಮಾಂಜಾ ಇಲ್ಲದ ಪಟ ಕಡಿಯೂದಾದ್ರೂ ಹ್ಯಾಂಗ್ರಿ? ಬರೇ ಹಾರಸೂದ್ರಾಗ ಏನ್ ಮಜಾ ಐತಿ?

ಬಾಲಂಗೋಚಿ: ಬರೀ ದಾರದಲ್ಲೂ ಕಡಿಯಬಹುದು. ಎರಡು ದಾರ ಒಂದಕ್ಕೊಂದು ತಗಲಿದಾಗ ಓಡ್ತಾ ಇರೋ ದಾರದ ಸವೆತ ಉದ್ದಕ್ಕೂ ಹಂಚಿಹೋಗುತ್ತೆ, ನಿಂತ ದಾರ ಒಂದೇ ಜಾಗದಲ್ಲಿ ಸವೆದು ಬಿಸಿಯಾಗಿ ಕಿತ್ತುಹೋಗುತ್ತೆ. ಹಾಗಾಗಿ ತಗಲಿದ ಕೂಡಲೇ ಸರಸರ ಅಂತ ದಾರ ಬಿಟ್ಟವನು ಗೆಲ್ತಾನೆ, ಹಿಡಿದು ನಿಂತವನು ಸೋಲ್ತಾನೆ. ಮಾಂಜಾದಲ್ಲಿ ಕ್ಷಣದಲ್ಲಿ ಮುಗಿಯೋದು ಇದರಲ್ಲಿ ಹೊತ್ತು ಹಿಡಿಯುತ್ತೆ, ಅಷ್ಟೇ.

ಹುಬ್ಬಳ್ಳಿ ಮಂದಿ: ಹೊತ್ತಲ್ರಿ, ಅರ್ಧಾ ತಾಸು ಆದ್ರೂ ಕಡೀಂಗಿಲ್ಲ. ಎರಡೂ ಸುತಗೊಂಡು ಕೆಳಗ ಬೀಳ್ತಾವ. ನೀವು ಹೇಳೂ ಲೆಕ್ಕ ಕಾಗದದ ಮ್ಯಾಲೆ ಚಂದ.

ಮೇದರ ಬೀದಿ: ಜಗಳ ಆಮೇಲೆ ಆಡಿ, ಅವರು ಕೇಳಿದ್ದು ಕಡ್ಡಿ ಬಗ್ಗೆನೂ. ಬಿದಿರು ಬಲಿತಿರಬೇಕು, ಒಣಗಿರಬೇಕು. ಹಸಿ ಬಿದಿರು ಬಗ್ಗಿಸಿದ ಹಾಗೇ ನಿಂತುಬಿಡುತ್ತೆ, ವಾಪಸ್ ಚಿಮ್ಮಲ್ಲ. ಗರಗಸ ಹಾಕಬೇಡಿ, ಮಚ್ಚಲ್ಲಿ ಸೀಳಿ. ಸೀಳಿದರೆ ನಾರಿನ ಗುಂಟ ಬರುತ್ತೆ, ಕೊಯ್ದರೆ ನಾರು ತುಂಡಾಗಿ ಬಗ್ಗಿಸಿದ ಕಡೆ ಲಟಕ್ ಅನ್ನುತ್ತೆ. ಬಿದಿರಿನ ಕಸುವೆಲ್ಲ ಹೊರಗಿನ ಹಸಿರು ಸಿಪ್ಪೆ ಕಡೆ ಇರೋದು, ಒಳಗಿನ ಬಿಳೀ ಭಾಗ ಹೆರೆದು ಹಾಕಿ.

ನಡುಗಡ್ಡಿ 64 ಸೆಂ.ಮೀ. ಉದ್ದ, 3 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. ಅಡ್ಡ ಬಿಲ್ಲುಕಡ್ಡಿ ಬಗ್ಗಬೇಕಲ್ಲ, ಅದಕ್ಕೆ 78 ಸೆಂ.ಮೀ. ಬೇಕು, ನಡುವೆ 2 ಮಿ.ಮೀ., ತುದಿಗೆ ಹೋಗ್ತಾ ಇನ್ನೂ ಸಣ್ಣಗೆ. ಇಷ್ಟುದ್ದದಲ್ಲಿ ಗಿಣ್ಣು ಬಂದೇ ಬರುತ್ತೆ. ಒಂದು ಗಿಣ್ಣು ಸರಿಯಾಗಿ ನಡುವೆ ಬರೋ ಹಾಗೆ ಕತ್ತರಿಸಿಕೊಳ್ಳಿ. ಒಂದು ಪಕ್ಕಕ್ಕೆ ಬಂದರೆ ಆ ಪಕ್ಕ ಬಗ್ಗಲ್ಲ. ಸಿಪ್ಪೆ ಬಿಲ್ಲಿನ ಹೊರಮೈಗೆ ಇರಲಿ. ಬಿಲ್ಲು ನಡುಗಡ್ಡಿಯನ್ನ ದಾಟೋದು ಮೇಲಿನ ತುದಿಯಿಂದ ಸುಮಾರು 14 ಸೆಂ.ಮೀ. ಕೆಳಗೆ.

ಕಿರಣ_ಕೆ: ನಮ್ಮ ಪಟ ಮೇಲೆ ಹೋದ ತಕ್ಷಣ ಗಿರಕಿ ಹೊಡೆದು ತಲೆಕೆಳಗಾಗಿ ಬೀಳುತ್ತೆ. ದಾರ ಬದಲಾಯಿಸಿದ್ರೆ ಸರಿ ಹೋಗುತ್ತಾ?

ಮೇದರ ಬೀದಿ: ದಾರಕ್ಕೂ ಗಿರಕಿಗೂ ಸಂಬಂಧ ಇಲ್ಲ. ಬಿಲ್ಲುಕಡ್ಡಿ ಅಂಟಿಸೋ ಮುಂಚೆ ನಡುವೆ ದಾರ ಕಟ್ಟಿ ತೂಗುಬಿಡಿ. ಯಾವ ಪಕ್ಕ ಇಳಿಯುತ್ತೋ ಅದನ್ನ ಬ್ಲೇಡಲ್ಲಿ ಹೆರೆದು ಸಮ ಮಾಡಿ. ಆಮೇಲೆ ಎರಡು ತುದಿ ಹಿಡಿದು ಬಗ್ಗಿಸಿ ನೋಡಿ, ಎರಡು ಪಕ್ಕವೂ ಒಂದೇ ಥರ ಬಾಗಬೇಕು. ಒಂದೇ ಪಕ್ಕಕ್ಕೆ ತಿರುಗುತ್ತಾ, ಎರಡೂ ಪಕ್ಕಕ್ಕಾ?

ಕಿರಣ_ಕೆ: ಯಾವಾಗಲೂ ಎಡಕ್ಕೇ. ತೆಂಗಿನ ಗರಿ ಕಡ್ಡಿ ಹಾಕಿದ್ದೆ.

ಮೇದರ ಬೀದಿ: ಹಾಗನ್ನಿ. ಪೊರಕೆ ಕಡ್ಡಿಗೆ ಬುಡ ದಪ್ಪ, ತುದಿ ಸಣ್ಣ. ಒಂದೇ ಕಡ್ಡಿ ಹಾಕಿದರೆ ಸಣ್ಣ ಕಡೆ ಗಾಳಿಗೆ ಹೆಚ್ಚು ಹಿಂದಕ್ಕೆ ಬಾಗುತ್ತೆ, ಪಟ ಆ ಕಡೆ ತಿರುಗುತ್ತೆ. 44 ಸೆಂ.ಮೀ.ನ ಎರಡು ಕಡ್ಡಿ ತಗೊಂಡು ಬುಡಗಳನ್ನ ನಡುವೆ 10 ಸೆಂ.ಮೀ. ಒಂದರ ಮೇಲೊಂದು ಇಟ್ಟು ದಾರದಲ್ಲಿ ಬಿಗಿದು ಕಟ್ಟಿ. ಸಣ್ಣ ತುದಿಗಳು ಎರಡೂ ಹೊರಗೆ ಬರ್ತವೆ, 78 ಸರಿಯಾಗುತ್ತೆ. ಬಿದಿರಿನಷ್ಟು ಬಾಳಿಕೆ ಬರಲ್ಲ, ಆದರೆ ಹಾರುತ್ತೆ.

ಬಾಲಂಗೋಚಿ: ಕಾಗದಕ್ಕೆ ಬರ್ತೀನಿ. ಪಟದ ತೆಳು ಬಣ್ಣದ ಕಾಗದ ಚದರ ಮೀಟರಿಗೆ 20ರಿಂದ 25 ಗ್ರಾಂ ಇರುತ್ತೆ, ನ್ಯೂಸ್ ಪೇಪರ್ 45ರ ಆಸುಪಾಸು. ನಿಮ್ಮ ಅಳತೆಗೆ ಮೊದಲನೆಯದು ನಾಲ್ಕೂವರೆ ಗ್ರಾಂ ಆದರೆ ಎರಡನೆಯದು ಒಂಬತ್ತು. ಕಡ್ಡಿಗಳು ಸೇರಿ ಐದೂವರೆ. ಅಂದರೆ ಪೇಪರ್ ಪಟ ಹತ್ತಿರ ಒಂದೂವರೆ ಪಟ್ಟು ಭಾರ. ಮೆಲುಗಾಳಿಗೆ ಮೇಲೇಳಲ್ಲ, ಆಷಾಢದ ಗಾಳಿಗೆ ನಡೆಯುತ್ತೆ. ಮಗುವಿನ ಮೊದಲ ಪಟಕ್ಕೆ ಅದೇ ಇರಲಿ, ಬಿದ್ದರೂ ಬೇಗ ಹರಿಯಲ್ಲ.

ಕಾಗದವನ್ನ ಒಂದು ಮೂಲೆಯಲ್ಲಿ ಎರಡೂ ದಿಕ್ಕಿಗೆ ಹರಿದು ನೋಡಿ. ಒಂದು ದಿಕ್ಕಿಗೆ ನೆಟ್ಟಗೆ ಹರಿಯುತ್ತೆ, ಇನ್ನೊಂದಕ್ಕೆ ಸೊಟ್ಟಪಟ್ಟ. ನೆಟ್ಟಗೆ ಹರಿಯೋ ದಿಕ್ಕು ನಡುಗಡ್ಡಿಯ ಗುಂಟ ಬಂದರೆ ಎಡ ಬಲ ಒಂದೇ ಥರ ಜಗ್ಗುತ್ತೆ. ಮೈದಾ ಗೋಂದು ಗಟ್ಟಿಯಾಗಿರಲಿ. ನೀರಾದರೆ ತೆಳು ಕಾಗದ ಸುಕ್ಕುಗಟ್ಟುತ್ತೆ.

ಮಲೆನಾಡಿಗ: ನಮ್ಮಲ್ಲಿ ಆಷಾಢ ಅಂದ್ರೆ ಹಿಡಿದ ಮಳೆ ಬಿಡೋದಿಲ್ಲ. ಕಾಗದ ಐದು ನಿಮಿಷಕ್ಕೆ ಮುದ್ದೆ. ಪ್ಲಾಸ್ಟಿಕ್ ಕವರೇ ಗತಿ ಮಾರಾಯ್ರೇ.

ಬಾಲಂಗೋಚಿ: ಕವರ್ ಹಾರುತ್ತೆ, ಇಲ್ಲ ಅನ್ನಲ್ಲ. ಆದರೆ ಮರಕ್ಕೆ ಸಿಕ್ಕಿದ ಕಾಗದ, ಹತ್ತಿ ದಾರ ಮಳೆಯಲ್ಲಿ ಕೊಳೆತು ಹೋಗ್ತವೆ, ಕವರ್ ಅಲ್ಲೇ ಇರುತ್ತೆ. ಇನ್ನೊಂದು: ಒದ್ದೆಯಾದ ಹತ್ತಿ ದಾರದಲ್ಲಿ ಕರೆಂಟ್ ಹರಿಯುತ್ತೆ. ಮಳೆ ಹನಿಯುವಾಗ ಪಟ ಇಳಿಸಿಬಿಡಿ. ಲೈನಿಗೆ ಸಿಕ್ಕಿದ ಪಟ ಒಣದಾರದ್ದಾದರೂ ಎಳೆಯಬೇಡಿ, ಮಗು ಕೋಲು ಹಿಡಿದು ಹೋಗದ ಹಾಗೆ ನೋಡಿಕೊಳ್ಳಿ. ಲೋಹದ ಪುಡಿ ಸವರಿದ ಮಾಂಜಾ ಅಂತೂ ಒಣಗಿದ್ದರೂ ತಂತಿಯೇ.

ಮಲೆನಾಡಿಗ: ಹನಿ ನಿಲ್ಲೋತನಕ ಕಾದ್ರೆ ಶ್ರಾವಣವೇ ಬಂದೀತು.

ಹಕ್ಕಿ ಮನೆ: ಮರದ ಮೇಲಿನ ಮಾಂಜಾ ಬಗ್ಗೆ ಯಾರೂ ಹೇಳಲಿಲ್ಲ. ಪಟದ ಹಬ್ಬ ಮುಗಿದು ತಿಂಗಳಾದ ಮೇಲೂ ಹದ್ದು, ಪಾರಿವಾಳ, ಬಾವಲಿ ಸಿಕ್ಕಿಹಾಕಿಕೊಳ್ತವೆ. ರೆಕ್ಕೆ ಬಡಿದಷ್ಟೂ ದಾರ ಒಳಗೆ ಇಳಿಯುತ್ತೆ. ಸಿಕ್ಕಿದ್ದು ಕಂಡರೆ ದಾರ ಎಳೆಯಬೇಡಿ. ಹಕ್ಕಿಯ ಮೇಲೆ ಬಟ್ಟೆ ಹಾಕಿ ಕತ್ತಲು ಮಾಡಿ, ಎರಡು ಪಕ್ಕದಲ್ಲೂ ದಾರ ಕತ್ತರಿಸಿ, ಮೈಗೆ ಸುತ್ತಿದ್ದನ್ನ ಹಾಗೇ ಬಿಟ್ಟು ಡಾಕ್ಟರ ಹತ್ತಿರ ಒಯ್ಯಿರಿ. ಒಳಗೆ ಕೂತ ದಾರ ಕಿತ್ತರೆ ರಕ್ತ ನಿಲ್ಲಲ್ಲ.

ಟೆರೇಸ್ ರಾಜ: ಸರಿ, ಗಾಜು ಬಿಟ್ಟೆ. ಆದ್ರೆ 20 ನಂಬರ್ ಎರಡು ಕೆ.ಜಿ. ತಡೆಯುತ್ತೆ ಅನ್ನೋದನ್ನ ಹೇಗೆ ನಂಬೋದು? ರೀಲಿನ ಮೇಲೆ ಏನೂ ಬರೆದಿರಲ್ಲ.

ಬಾಲಂಗೋಚಿ: ನಂಬಬೇಡಿ, ತೂಗಿ ನೋಡಿ. ನಯವಾದ ಕೋಲಿಗೆ ದಾರವನ್ನ ಐದಾರು ಸುತ್ತು ಸುತ್ತಿ, ತುದಿಯನ್ನ ಅಲ್ಲೇ ಗಂಟು ಹಾಕಿ. ಸುತ್ತು ಇದ್ದರೆ ಎಳೆತ ಗಂಟಿಗೆ ಬೀಳಲ್ಲ. ಕೆಳಗೆ ಎರಡು ಲೀಟರ್ ಬಾಟಲಿಯ ಕುತ್ತಿಗೆಗೂ ಹಾಗೇ ಸುತ್ತಿ ಕಟ್ಟಿ, ನೀರು ಸುರಿಯುತ್ತಾ ಹೋಗಿ. ಒಂದು ಲೀಟರಿಗೆ ಒಂದು ಕೆ.ಜಿ. ಒಂದೂಮುಕ್ಕಾಲು ಲೀಟರ್ ತಡೆದರೆ ಈ ಪಟಕ್ಕೆ ಸಾಕು. ಹಳೇ ರೀಲಾದರೆ ಬೂಷ್ಟು ಹಿಡಿದು ಅರ್ಧಕ್ಕೇ ಕಿತ್ತುಹೋಗಬಹುದು, ಎರಡು ಮೂರು ಕಡೆಯಿಂದ ತುಂಡು ತೆಗೆದು ನೋಡಿ.

ಅದಕ್ಕೂ ಮುಂಚೆ ಹತ್ತಿಯೇನಾ ಅಂತ ನೋಡಬೇಕು. ಟೈಲರ್ ಅಂಗಡಿಯ ರೀಲು ಈಗ ಬಹುಪಾಲು ಪಾಲಿಯೆಸ್ಟರ್. ಒಂದಿಂಚು ದಾರವನ್ನ ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗೋ ಬೂದಿ. ಪಾಲಿಯೆಸ್ಟರಾದರೆ ಬೆಂಕಿಯಿಂದ ಹಿಂದಕ್ಕೆ ಮುದುಡಿ ಕರಗುತ್ತೆ, ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಕಟ್ಟುತ್ತೆ.

ಚಿನ್ನು ಅಮ್ಮ: ಮನೇಲಿದ್ದ ಎರಡು ರೀಲು ಸುಟ್ಟು ನೋಡಿದೆ, ಎರಡರಲ್ಲೂ ಕಪ್ಪು ಮಣಿ. ಹೂ ಕಟ್ಟೋ ದಾರ ಆಗುತ್ತಾ?

ಬಾಲಂಗೋಚಿ: ಅದು ಹತ್ತಿಯೇ ಇರಬಹುದು, ಆದರೆ ಹುರಿ ಸಡಿಲ, ಎಳೆದರೆ ಬಿಚ್ಚಿಕೊಳ್ಳುತ್ತೆ.

ಹುಬ್ಬಳ್ಳಿ ಮಂದಿ: ಅಕ್ಕಾರ, ಕೌದಿ ಹೊಲಿಯೂ ದಾರ ಕೇಳ್ರಿ. ಹುರಿ ಗಟ್ಟಿ ಇರ್ತದ. ಆದ್ರ ಅದನ್ನೂ ಸುಟ್ಟು ನೋಡಿ ತಗೋರಿ, ಈಗಿನ ಮಾಲು ಹೇಳಾಕ ಬರೂದಿಲ್ಲ. ಪೇಚಿನ ಮಾತಿಗೆ ನಾ ಇನ್ನೂ ಒಪ್ಪಿಲ್ಲ ಮತ್ತ.